ಸಂಜೆಯ ತಿಂಡಿಗೂ ಒಂದು ಪಾಲಿರಲಿ

ತೂಕ ಇಳಿಸಲು ಹೊರಟ ಬಹಳ ಮಂದಿ ಮೊದಲು ಕೈಬಿಡುವುದು ಸಂಜೆಯ ತಿಂಡಿಯನ್ನು. ಯೋಜನೆ ಹದಗೆಡುವುದೂ ಅಲ್ಲಿಂದಲೇ. ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಒಂಬತ್ತಕ್ಕೆ ಮತ್ತೆ ಊಟ. ನಡುವೆ ಎಂಟು ಗಂಟೆ. ಅಷ್ಟು ಹಸಿದು ತಟ್ಟೆಯ ಮುಂದೆ ಕೂತವರಿಗೆ ಎರಡನೇ ಸಲ ಅನ್ನ ಬಡಿಸಿಕೊಳ್ಳದೆ ಇರುವುದು ಕಷ್ಟ.

ಒಂದು ಲೆಕ್ಕ ನೋಡೋಣ. 38 ವರ್ಷ, 158 ಸೆಂ.ಮೀ. ಎತ್ತರ, 70 ಕಿಲೋ ತೂಕದ ಮಹಿಳೆ. ಕೂತು ಮಾಡುವ ಕೆಲಸ, ದಿನಾ ಸ್ವಲ್ಪ ನಡಿಗೆ. ಆಹಾರತಜ್ಞರು ಬಳಸುವ ಸೂತ್ರದ ಪ್ರಕಾರ ಆಕೆಯ ದೇಹಕ್ಕೆ ದಿನಕ್ಕೆ ಸುಮಾರು 1850 ಕ್ಯಾಲೊರಿ ಬೇಕು. ಅದರಲ್ಲಿ 400 ಕಳೆದರೆ 1450. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುವುದರಿಂದ, ಲೆಕ್ಕದಂತೆ ತಿಂಗಳಿಗೆ ಒಂದೂವರೆ ಕಿಲೋ ಇಳಿಯಬೇಕು. ದೇಹ ಹಗುರಾದಂತೆ ಅದರ ಖರ್ಚೂ ಇಳಿಯುವುದರಿಂದ ಈ ವೇಗ ಬರಬರುತ್ತಾ ತಗ್ಗುತ್ತದೆ.

ಈ 1450ನ್ನು ನಾನು ಹೀಗೆ ಹಂಚುತ್ತೇನೆ: ಬೆಳಿಗ್ಗೆ 350, ಮಧ್ಯಾಹ್ನ 500, ಸಂಜೆ 200, ರಾತ್ರಿ 400. ಬೆಳಿಗ್ಗೆ ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು, ಒಂದು ಚಮಚ ಸಕ್ಕರೆಯ ಕಾಫಿ. ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ, ಬೇಳೆ ಹಾಕಿದ ಸೊಪ್ಪಿನ ಸಾರು, ಪಲ್ಯ, ಮೊಸರು. ಸಂಜೆ ಒಂದು ಕಾಫಿಯ ಜೊತೆ 30 ಗ್ರಾಂ ಹುರಿಗಡಲೆ. ಅದರ ಪ್ರೋಟೀನು, ನಾರು ರಾತ್ರಿಯವರೆಗೆ ಹಸಿವನ್ನು ಹಿಡಿದಿಡುತ್ತವೆ. ರಾತ್ರಿ ಎಣ್ಣೆ ಹಾಕದ ಎರಡು ಚಪಾತಿ, ಒಂದು ಮೊಟ್ಟೆ ಅಥವಾ ಕಾಳಿನ ಪಲ್ಯ, ಸೌತೆಕಾಯಿ, ಮಜ್ಜಿಗೆ.

ಬೆಳಿಗ್ಗೆ ಹೆಚ್ಚು ತಿಂದರೆ ತೂಕ ಬೇಗ ಇಳಿಯುತ್ತದೆ ಎನ್ನುವವರಿದ್ದಾರೆ. ಅಬರ್ಡೀನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡ ಪಾಲನ್ನು ಬೆಳಿಗ್ಗೆ ತಿಂದರೂ ರಾತ್ರಿ ತಿಂದರೂ ಇಳಿದ ತೂಕ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಬೆಳಿಗ್ಗೆ ಹೆಚ್ಚು ತಿಂದಾಗ ಹಸಿವು ಕಡಿಮೆಯಿತ್ತು. ಅಂದರೆ ಹಂಚಿಕೆ ಕೊಬ್ಬನ್ನು ಕರಗಿಸುವುದಿಲ್ಲ, ಹಸಿವನ್ನು ಆಳುತ್ತದೆ. ನಿಮ್ಮ ಹಸಿವು ಕೆರಳುವ ಹೊತ್ತು ಯಾವುದೋ, ಅದಕ್ಕೆ ಸ್ವಲ್ಪ ಮೊದಲು ಒಂದು ಪಾಲು ಬೀಳಬೇಕು. ರಾತ್ರಿ ಪಾಳಿಯವರಿಗೆ ಗಡಿಯಾರವೇ ಬೇರೆ.

ಲೆಕ್ಕ ತಪ್ಪಿಸುವುದು ಹೆಚ್ಚಾಗಿ ಎಣ್ಣೆ. ಒಂದು ಟೀಚಮಚ ಎಣ್ಣೆಯಲ್ಲೇ ಸುಮಾರು 40 ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿದರೆ ಸಂಜೆಯ ಇಡೀ ಪಾಲು ಬಾಣಲೆಯಲ್ಲೇ ಮುಗಿದಿರುತ್ತದೆ. ಆದ್ದರಿಂದ ಮೊದಲ ಎರಡು ವಾರವಾದರೂ ಚಮಚದಲ್ಲಿ ಅಳೆದು ಹಾಕಿ.

ದಿನಾ ಬೆಳಿಗ್ಗೆ ಶೌಚದ ನಂತರ ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ಉಪ್ಪು ಹೆಚ್ಚಾದ ಊಟ, ಮುಟ್ಟಿನ ದಿನಗಳು ನೀರು ಹಿಡಿದಿಟ್ಟು ಒಂದು ಕಿಲೋ ಏರಿಸಬಲ್ಲವು. ಒಂದು ದಿನದ ಅಂಕಿಗೆ ಹೆದರಬೇಕಿಲ್ಲ. ನಾಲ್ಕು ವಾರವಾದರೂ ಸರಾಸರಿ ಕದಲದಿದ್ದರೆ ಮೊದಲು ಅಳತೆಗಳನ್ನು ಮತ್ತೆ ನೋಡಿ. ಅವು ಸರಿಯಿದ್ದರೆ ಮಧ್ಯಾಹ್ನ, ರಾತ್ರಿಯ ಪಾಲುಗಳಿಂದ ಒಟ್ಟು 100 ಕ್ಯಾಲೊರಿ ಕಡಿಮೆ ಮಾಡಿ, ಸಂಜೆಯದನ್ನು ಮುಟ್ಟಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮಾತ್ರ ವೈದ್ಯರನ್ನು ಕೇಳದೆ ಊಟದ ಹೊತ್ತನ್ನಾಗಲಿ ಪ್ರಮಾಣವನ್ನಾಗಲಿ ಬದಲಿಸಬಾರದು.