ಟಿಕೆಟ್ ನಿಮ್ಮ ಹೆಸರಿಗಿದ್ದರೆ ಸಾಲದು

"ಸರ್, ಟಿಕೆಟ್ ನನ್ನ ಹೆಸರಿಲೇ ಐತ್ರಿ, ರೊಕ್ಕ ಯಾಕ ಬರಂಗಿಲ್ರಿ?" ನಾನು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದ್ದಾಗ, ವಿಮಾನ ಕಂಪನಿ ನಿಂತುಹೋಗಿ ಹಣ ಸಿಕ್ಕಿಕೊಂಡವರಿಂದ ಕೇಳಿದ ಪ್ರಶ್ನೆ ಇದು. ಈಗ ಹುಬ್ಬಳ್ಳಿಯ ನನ್ನ ಕಚೇರಿಗೂ ಅದೇ ಪ್ರಶ್ನೆ ಬರುತ್ತದೆ. ಹುಬ್ಬಳ್ಳಿಯವರಿಗೆ ಇದು ಹೊಸದಲ್ಲ. 2015ರ ಏಪ್ರಿಲ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟ ಆರಂಭಿಸಿದ ಏರ್ ಪೆಗಾಸಸ್ 2016ರ ಜುಲೈಗೆ ನಿಂತೇಹೋಯಿತು.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಪ್ರಯಾಣಿಕ, ಕಂಪನಿಯಿಂದ ಹಣ ಬರಬೇಕಾದವರ ಸಾಲಿನಲ್ಲಿ ಬಹಳ ಹಿಂದೆ ನಿಲ್ಲುತ್ತಾನೆ. ಆ ಸಾಲನ್ನು ಬಿಟ್ಟು ಹಣ ಕೇಳಲು ಇರುವ ದಾರಿ ಚಾರ್ಜ್‌ಬ್ಯಾಕ್: ಕೊಂಡ ಸೇವೆ ಸಿಗಲಿಲ್ಲ ಎಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಹಾಕುವುದು. ಆ ತಕರಾರು ಹಾಕುವ ಹಕ್ಕು ಕಾರ್ಡಿನ ಒಡೆಯನದು. ಟಿಕೆಟ್‌ನಲ್ಲಿ ಯಾರ ಹೆಸರಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಗದಗಿನ ಅಣ್ಣತಮ್ಮಂದಿರಿಬ್ಬರು ಜನವರಿಯಲ್ಲಿ, ಮೇ 20ರ ಒಂದೇ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದರು. ಅಣ್ಣ ಏಜೆಂಟರಿಗೆ ಫೋನ್‌ಪೇ ಮಾಡಿದ. ಏಜೆಂಟರು ತಮ್ಮ ವ್ಯಾಲೆಟ್‌ನಿಂದ ಕಟ್ಟಿದರು. ತಮ್ಮನೋ, ವಿಮಾನ ಕಂಪನಿಯ ಜಾಲತಾಣದಲ್ಲಿ ತನ್ನದೇ ಕ್ರೆಡಿಟ್ ಕಾರ್ಡ್ ಉಜ್ಜಿದ. ಮೇ 5ಕ್ಕೆ ಹಾರಾಟ ನಿಂತಿತು. ತಮ್ಮನ ಸ್ಟೇಟ್‌ಮೆಂಟಿನಲ್ಲಿ ವಿಮಾನ ಕಂಪನಿಯ ಹೆಸರೇ ಇತ್ತು. ಅಣ್ಣನ ಬಳಿ ಇದ್ದದ್ದು ಏಜೆಂಟರಿಗೆ ಹಣ ಹೋದ ಪುರಾವೆ ಮಾತ್ರ, ಅದು ಬ್ಯಾಂಕಿನ ತಕರಾರಿಗೆ ಸಾಲಲಿಲ್ಲ.

ಆದರೂ ತಮ್ಮ ಸುಮ್ಮನೆ ಕೂತಿದ್ದ. "ಜನವರಿಯಾಗ ಕೊಟ್ಟೀನ್ರಿ, ನಾಲ್ಕು ತಿಂಗಳು ದಾಟ್ಯಾವ" ಅಂದ. ಇಲ್ಲಿಯೇ ಬಹಳ ಜನ ಸೋಲುವುದು. ಸಾಮಾನ್ಯವಾಗಿ ಇರುವ 120 ದಿನಗಳ ಗಡುವನ್ನು ಹಣ ಕೊಟ್ಟ ದಿನದಿಂದ ಎಣಿಸುವುದಿಲ್ಲ. ಪ್ರಯಾಣದ ದಿನದಿಂದ, ಇಲ್ಲವೇ ವಿಮಾನ ಹಾರುವುದಿಲ್ಲ ಎಂದು ತಿಳಿದ ದಿನದಿಂದ ಎಣಿಸುತ್ತಾರೆ. ಮೇ 5ರಿಂದ ಎಣಿಸಿದರೆ ಸೆಪ್ಟೆಂಬರ್ 2, ಮೇ 20ರಿಂದ ಎಣಿಸಿದರೆ ಸೆಪ್ಟೆಂಬರ್ 17. ನಾನಾದರೆ ಮೊದಲನೆಯದನ್ನೇ ಹಿಡಿಯುತ್ತೇನೆ. ನಿಮ್ಮ ಬ್ಯಾಂಕಿನ ಗಡುವು ಇನ್ನೂ ಬೇಗ ಇರಬಹುದು, ಸುದ್ದಿ ತಿಳಿದ ವಾರದಲ್ಲೇ ಕೇಳಿ. "ರಿಫಂಡ್ ಬರ್ತೈತಿ ತಡೀರಿ" ಎಂಬ ಮಾತಿಗೆ ಕಾಯುತ್ತ ಗಡುವು ಕಳೆದುಕೊಂಡವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನೊಂದು: ಕಂಪನಿ ನಿಂತಿದೆಯೆಂದು ಗಾಬರಿಯಾಗಿ ನೀವೇ 'ಕ್ಯಾನ್ಸಲ್' ಒತ್ತಬೇಡಿ. ಒತ್ತಿದರೆ, ಸೇವೆ ಕೊಡದಿದ್ದದ್ದು ಅವರು ಎಂಬ ನಿಮ್ಮ ವಾದಕ್ಕೆ ಪೆಟ್ಟು ಬೀಳುತ್ತದೆ.

ತಮ್ಮನ ಕಡತದಲ್ಲಿ ಪಿಎನ್‌ಆರ್ ಇರುವ ಇ-ಟಿಕೆಟ್, ಕಂಪನಿಗೆ ಹಣ ಹೋದ ಸಾಲು ಇರುವ ಸ್ಟೇಟ್‌ಮೆಂಟ್, ಹಾರಾಟ ರದ್ದಾದ ಎಸ್‌ಎಂಎಸ್, ಹಣ ವಾಪಸ್ ಕೇಳಿದ ಇಮೇಲ್ ಇದ್ದವು. ಕಂಪನಿಯ ಜಾಲತಾಣ ಯಾವಾಗ ಬೇಕಾದರೂ ಮುಚ್ಚಬಹುದೆಂದು ಎಲ್ಲವನ್ನೂ ಪಿಡಿಎಫ್ ಮಾಡಿಟ್ಟಿದ್ದ. ಬ್ಯಾಂಕು ಮೊದಲು ತಾತ್ಕಾಲಿಕವಾಗಿ ಹಣ ಜಮೆ ಮಾಡಿತು. ವಿಮಾನ ಕಂಪನಿಯ ಬ್ಯಾಂಕು ವಿರೋಧಿಸಿದ್ದರೆ ಅದು ವಾಪಸ್ ಹೋಗಬಹುದಿತ್ತು, ಹೋಗಲಿಲ್ಲ. ಚಾರ್ಜ್‌ಬ್ಯಾಕ್ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ನಿಯಮ, ಖಾತ್ರಿಯಲ್ಲ. ಹಾಗಾಗಿ ಎಲ್ಲರಿಗೂ ಇದೇ ಫಲ ಎನ್ನಲಾರೆ.

ಏಜೆಂಟರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಳಿಯೇ ಕೂತು, ಕಂಪನಿಯ ಜಾಲತಾಣ ತೆರೆಸಿ, ನಿಮ್ಮ ಕಾರ್ಡಿನಿಂದ ಕಟ್ಟಿ, ಅವರ ಕಮಿಷನ್ ಬೇರೆ ಕೊಡಿ.