ತಂಬಿಟ್ಟು ಯಾವಾಗ ಪವಿತ್ರವಾಗುತ್ತದೆ?

ಕೋಲಾರದ ಕಡೆ ಊರ ಹಬ್ಬಕ್ಕೆ ತಂಬಿಟ್ಟಿನ ದೀಪ ಹೊರುತ್ತಾರೆ. ಅಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ, ಗೋಪುರದ ಹಾಗೆ ಒತ್ತಿ, ತುದಿಯಲ್ಲಿ ಗುಳಿ ಮಾಡಿ, ತುಪ್ಪ ಹಾಕಿ ಬತ್ತಿ ಇಡುತ್ತಾರೆ. ಆರತಿಗೆ ಮುಂಚೆ ಮಗು ಅದಕ್ಕೆ ಬೆರಳು ಹಾಕಿದರೆ ಅಜ್ಜಿ ಗದರುತ್ತಾಳೆ. ಆರತಿ ಮುಗಿದ ಮೇಲೆ ಅದನ್ನೇ ಮುರಿದು ಕೈಗೆ ಕೊಡುತ್ತಾಳೆ. ಹಿಟ್ಟು ಅದೇ, ಬೆಲ್ಲವೂ ಅದೇ.

ಇದನ್ನು ನೋಡಿ 'ಎಲ್ಲಾ ಮೂಢನಂಬಿಕೆ' ಅಂತ ನಕ್ಕು ಸುಮ್ನಾಗುವವರನ್ನು ಕಂಡರೆ ನನಗೆ ಬೇಜಾರು. ಹಿಟ್ಟಿನಲ್ಲಿ ವಿಶೇಷ ಏನೂ ಇಲ್ಲ, ಸರಿ. ಹಾಗಿದ್ದರೆ ಇಡೀ ಊರು ಅದಕ್ಕೆ ಯಾಕೆ ತಗ್ಗಿ ನಡೆಯುತ್ತದೆ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಕೇಳಿದ್ದು ಇದೇ ಪ್ರಶ್ನೆ. ಅವನ ಮುಂದಿದ್ದದ್ದು ಆಸ್ಟ್ರೇಲಿಯಾದ ಅರುಂಟ ಜನರ ಚುರಿಂಗ. (ಅವನು ಆಸ್ಟ್ರೇಲಿಯಾಕ್ಕೆ ಹೋದವನೇ ಅಲ್ಲ. ಆ ಜನರ ನಡುವೆ ಇದ್ದು ಅಧ್ಯಯನ ಮಾಡಿದ ಸ್ಪೆನ್ಸರ್ ಮತ್ತು ಗಿಲೆನ್ ಬರೆದದ್ದನ್ನು ಓದಿ ತಿಳಿದುಕೊಂಡ.) ಚುರಿಂಗ ಅಂದರೆ ಮರದ ಅಥವಾ ಕಲ್ಲಿನ ತುಂಡು. ಹೆಂಗಸರು, ದೀಕ್ಷೆಯಾಗದ ಹುಡುಗರು ಅದನ್ನು ಕಾಣುವಂತೆಯೂ ಇರಲಿಲ್ಲ. ಬೇರೆ ಕಲ್ಲು, ಮರಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಒಂದೇ: ಮೇಲೆ ಕೆತ್ತಿದ ಕುಲದ ಗುರುತು. ಅಂದರೆ ಪವಿತ್ರತೆ ವಸ್ತುವಿನ ಒಳಗಿನಿಂದ ಹುಟ್ಟುವುದಿಲ್ಲ, ಗುಂಪು ಅದನ್ನು ಹೊರಗಿನಿಂದ ಹಚ್ಚುತ್ತದೆ. ಪವಿತ್ರ ಅಂದರೆ ಒಳ್ಳೆಯದು ಅಂತಲೂ ಅಲ್ಲ. ಬೇರೆ ಇಟ್ಟದ್ದು, ಮುಟ್ಟಬೇಡ ಅಂದದ್ದು, ಅಷ್ಟೇ. ಉಳಿದದ್ದೆಲ್ಲ ಲೌಕಿಕ.

ಈ ನಿಷೇಧದಿಂದ ಏನು ಕೆಲಸವಾಗುತ್ತದೆ? ಹಬ್ಬ ಸಾರಿದ ಮೇಲೆ ಊರಿನ ಎಲ್ಲರೂ ಒಂದೇ ಕಟ್ಟುಪಾಡಿಗೆ ಬರುತ್ತಾರೆ. ವರ್ಷವೆಲ್ಲ ಟೊಮೇಟೊ ತೋಟ, ಹಾಲಿನ ಡೈರಿ, ಬೆಂಗಳೂರಿನ ಕೆಲಸ ಅಂತ ಚದುರಿದ್ದವರು ಆ ರಾತ್ರಿ ಒಂದೇ ತಮಟೆಗೆ ಹೆಜ್ಜೆ ಹಾಕುತ್ತಾರೆ. ಮೈ ಜುಮ್ಮೆನ್ನುತ್ತದೆ. ಒಬ್ಬೊಬ್ಬರೇ ಇದ್ದಾಗ ಇಲ್ಲದ ಬಲ ಬಂದಂತಾಗುತ್ತದೆ. ಇದು ದೇವಿಯ ಶಕ್ತಿ ಅನ್ನುತ್ತದೆ ಊರು. ಶಕ್ತಿ ನಿಜ, ಆದರೆ ಅದು ಊರಿನದೇ ಅನ್ನುತ್ತಾನೆ ಡರ್ಕೈಮ್. ಮನೆಗೆ ಹೋದ ಮೇಲೆ ಆ ಕಾವು ಆರುತ್ತದೆ. ಅದಕ್ಕೇ ಹಬ್ಬ ಮತ್ತೆ ಮತ್ತೆ ಬರಬೇಕು. ಹಬ್ಬ ಮಾಡುವವರು ಇದನ್ನೆಲ್ಲ ಯೋಚಿಸಿ ಮಾಡುತ್ತಾರೆ ಅಂತಲ್ಲ. ಅವರು ಮಾಡುವುದು ದೇವಿಗಾಗಿ, ಒಗ್ಗಟ್ಟು ಅದರಿಂದ ಹುಟ್ಟುವ ಫಲ.

ಪವಿತ್ರತೆ ಮುಟ್ಟಿದರೆ ಹರಡುತ್ತದೆ, ಲೌಕಿಕ ತಗುಲಿದರೆ ಕೆಡುತ್ತದೆ ಎಂಬ ಭಯದಿಂದಲೇ ಅದರ ಸುತ್ತ ಬೇಲಿ ಎನ್ನುವುದೂ ಡರ್ಕೈಮ್ ಮಾತು. ಆ ಬೇಲಿಯ ಇನ್ನೊಂದು ಮುಖ 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾಣಿಸಿತು. ಉತ್ಸವ ಮೂರ್ತಿಯ ಕೋಲನ್ನು ದಲಿತ ಹುಡುಗ ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಆಮೇಲೆ ಪೊಲೀಸ್ ಕೇಸಾಯಿತು. ಹಬ್ಬ ಒಗ್ಗೂಡಿಸುತ್ತದೆ ಎನ್ನುವ ವಿವರಣೆ ಎಡವುವುದು ಇಲ್ಲೇ. ಯಾರನ್ನು ಒಗ್ಗೂಡಿಸುತ್ತದೆ, ಯಾರನ್ನು ಹೊರಗಿಟ್ಟು? ಡರ್ಕೈಮ್ ಸಮಾಜವನ್ನು ಒಂದೇ ಗುಂಪು ಅಂದುಕೊಂಡ. ನಮ್ಮ ಊರಲ್ಲಿ ಕೇರಿಗಳಿವೆ.

ಆ ಹುಡುಗನ ತಾಯಿ, ಇನ್ನು ಮುಂದೆ ನಾವು ಪೂಜಿಸುವುದು ಅಂಬೇಡ್ಕರ್ ಅವರನ್ನು ಅಂದರೆಂದು ಪತ್ರಿಕೆಗಳು ಬರೆದವು. ಪವಿತ್ರವಾದದ್ದು ಆ ಮನೆಯಲ್ಲಿ ಇಲ್ಲವಾಗಲಿಲ್ಲ, ಜಾಗ ಬದಲಿಸಿತು. ಇದನ್ನು ವಿವರಿಸಲು ಮತ್ತೆ ಡರ್ಕೈಮೇ ಬೇಕು.