ಜಲಪಾತದ ಚಿತ್ರ ಮತ್ತು ಅದರ ಬೆನ್ನಿಗೆ ಬಂದ ಎಚ್ಚರಿಕೆ: ಸಾಫ್ಟ್‌ವೇರ್ ಅಭಿವೃದ್ಧಿ ಮಾದರಿಗಳ ಹಿನ್ನೆಲೆ

ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಅಭಿವೃದ್ಧಿ ಮಾದರಿಗಳ ಅಧ್ಯಾಯ ಸಾಮಾನ್ಯವಾಗಿ ಮೆಟ್ಟಿಲುಗಳ ಒಂದು ಚಿತ್ರದಿಂದ ಆರಂಭವಾಗುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಗ್ರಾಹಕರ ಅಗತ್ಯಗಳ ಸಂಗ್ರಹ, ಅದರ ಕೆಳಗೆ ವಿಶ್ಲೇಷಣೆ, ವಿನ್ಯಾಸ, ಕೋಡಿಂಗ್, ಪರೀಕ್ಷೆ, ಕೊನೆಗೆ ಬಳಕೆ. ಇದಕ್ಕೆ ಜಲಪಾತ ಮಾದರಿ ಎಂದು ಹೆಸರು. ಅಗತ್ಯಗಳು ಸ್ಪಷ್ಟವಾಗಿದ್ದರೆ ಇದು ಸೂಕ್ತ, ಬದಲಾಗುವಂತಿದ್ದರೆ ಸಣ್ಣ ತುಣುಕುಗಳಲ್ಲಿ ಕಟ್ಟಿ ತೋರಿಸುತ್ತ ತಿದ್ದಿಕೊಳ್ಳುವ ಅಜೈಲ್ ವಿಧಾನ ಸೂಕ್ತ ಎಂದು ವಿದ್ಯಾರ್ಥಿಗಳು ಪರೀಕ್ಷೆಗೆ ಬರೆಯುತ್ತಾರೆ. ಉತ್ತರ ತಪ್ಪಲ್ಲ. ಆದರೆ ಯೋಜನೆಯ ಮೊದಲ ದಿನ ಗ್ರಾಹಕರನ್ನು ಕೇಳಿದರೆ ಅಗತ್ಯಗಳೆಲ್ಲ ಸ್ಪಷ್ಟವಾಗಿವೆ ಎಂದೇ ಅವರು ಹೇಳುತ್ತಾರಾದ್ದರಿಂದ, ಈ ಉತ್ತರವನ್ನು ನೆಚ್ಚಿ ಮಾದರಿಯನ್ನು ಆರಿಸುವುದು ಕಷ್ಟ. ನಮ್ಮ ತಪ್ಪು ನಮಗೆ ಯಾವಾಗ ಗೊತ್ತಾಗುತ್ತದೆ, ಆಗ ಅದನ್ನು ತಿದ್ದಲು ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಎಲ್ಲ ಮಾದರಿಗಳ ಇತಿಹಾಸವೂ ಒಂದೇ ಎಳೆಯಲ್ಲಿ ಸಿಗುತ್ತದೆ.

ಆ ಚಿತ್ರದ ಮೂಲವೆಂದು ಸಾಮಾನ್ಯವಾಗಿ ತೋರಿಸುವುದು ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧವನ್ನು. ಬಾಹ್ಯಾಕಾಶ ಯಾನಗಳ ಸಾಫ್ಟ್‌ವೇರ್ ಕಟ್ಟಿದ ಅನುಭವವಿದ್ದ ಅಮೆರಿಕದ ಈ ಎಂಜಿನಿಯರ್ ಮೆಟ್ಟಿಲುಗಳ ಚಿತ್ರವನ್ನೇನೋ ಬರೆದರು. ಅದರ ಬೆನ್ನಿಗೇ, ಈ ಕಲ್ಪನೆಯಲ್ಲಿ ತಮಗೆ ನಂಬಿಕೆಯಿದ್ದರೂ ಇದನ್ನು ಹೀಗೆಯೇ ಜಾರಿಗೆ ತರುವುದು ಅಪಾಯಕಾರಿ, ವೈಫಲ್ಯವನ್ನು ಕರೆದು ತರುವಂಥದ್ದು ಎಂದೂ ಬರೆದರು. ಕಾರಣವನ್ನೂ ಕೊಟ್ಟರು: ಪ್ರೋಗ್ರಾಂ ಎಷ್ಟು ಸಮಯ ತೆಗೆದುಕೊಳ್ಳುತ್ತದೆ, ಎಷ್ಟು ಜಾಗ ಬೇಡುತ್ತದೆ, ದತ್ತಾಂಶ ಒಳಗೆ-ಹೊರಗೆ ಹೇಗೆ ಸಾಗುತ್ತದೆ ಎಂಬುದು ಕಾಗದದ ಮೇಲಿನ ವಿಶ್ಲೇಷಣೆಗೆ ಪೂರ್ತಿ ದಕ್ಕುವುದಿಲ್ಲ, ಅದು ಮೊದಲ ಬಾರಿಗೆ ಅನುಭವಕ್ಕೆ ಬರುವುದು ಪರೀಕ್ಷೆಯ ಹಂತದಲ್ಲಿ. ಅಲ್ಲಿ ಎಡವಟ್ಟಾದರೆ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ, ಕೆಲವೊಮ್ಮೆ ಅಗತ್ಯಗಳನ್ನೇ.

ರಾಯ್ಸ್ ಸೂಚಿಸಿದ ಪರಿಹಾರಗಳಲ್ಲಿ ಒಂದು, ಕೆಲಸವನ್ನು ಎರಡು ಸಲ ಮಾಡುವುದು. 30 ತಿಂಗಳ ಯೋಜನೆಯಾದರೆ ಸುಮಾರು 10 ತಿಂಗಳಲ್ಲಿ ಒಂದು ಪ್ರಾಯೋಗಿಕ ಆವೃತ್ತಿ ಕಟ್ಟಿ ಕಲಿಯಬೇಕು, ಗ್ರಾಹಕರ ಕೈಗೆ ಹೋಗುವುದು ಎರಡನೆಯದ್ದಾಗಬೇಕು ಎಂಬುದು ಅವರ ಸಲಹೆ. ಪ್ರಬಂಧದಲ್ಲಿ ‘ಜಲಪಾತ’ ಎಂಬ ಪದವೇ ಇಲ್ಲ. ಅದು ಕೆಲವು ವರ್ಷಗಳ ಬಳಿಕ ಬೇರೆಯವರ ಬರಹದಲ್ಲಿ ಕಾಣಿಸಿಕೊಂಡಿತು. ಎಚ್ಚರಿಕೆ ಹಿಂದೆ ಉಳಿದು ಚಿತ್ರ ಮಾತ್ರ ಮುಂದೆ ಸಾಗಿದ್ದಕ್ಕೆ ಆಶ್ಚರ್ಯಪಡಬೇಕಿಲ್ಲ, ಏಕೆಂದರೆ ಹಂತಕ್ಕೊಂದು ದಾಖಲೆ, ದಾಖಲೆಗೊಂದು ಸಹಿ, ಸಹಿಗೊಂದು ಕಂತು ಎಂಬ ಏರ್ಪಾಟು ಗುತ್ತಿಗೆ ಕೊಡುವವರಿಗೂ ಪಡೆಯುವವರಿಗೂ ಅನುಕೂಲಕರ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ ಡಿಒಡಿ-ಎಸ್‌ಟಿಡಿ-2167 ಎಂಬ ಮಾನದಂಡವನ್ನು ಗುತ್ತಿಗೆದಾರರು ಹೆಚ್ಚಾಗಿ ಜಲಪಾತದ ಆದೇಶವೆಂದೇ ಓದಿಕೊಂಡರು.

ಹಾಗೆಂದು ಅನುಕ್ರಮದ ಮಾದರಿಗಳಿಗೆ ಕಾಲವೇ ಇಲ್ಲವೆನ್ನಲಾಗದು. ಸುರಕ್ಷತೆಗೆ ಪ್ರಮಾಣಪತ್ರ ಬೇಕಾದ ಕಡೆ ಜಲಪಾತದ ಸುಧಾರಿತ ರೂಪವಾದ ‘ವಿ’ ಮಾದರಿ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಎಡಗಡೆ ಇಳಿಯುವ ಪ್ರತಿ ಹಂತಕ್ಕೆ ಬಲಗಡೆ ಏರುವ ಒಂದು ಪರೀಕ್ಷೆ ಜೋಡಿಯಾಗಿರುತ್ತದೆ. ‘ಬಾಗಿಲು ತೆರೆದಿರುವಾಗ ರೈಲು ಚಲಿಸಕೂಡದು’ ಎಂಬ ಅಗತ್ಯವನ್ನು ಬರೆಯುವಾಗಲೇ ಅದನ್ನು ಹೇಗೆ ಪರೀಕ್ಷಿಸುತ್ತೇವೆಂದೂ ಬರೆಯಬೇಕು. ಬರೆಯಲು ಕುಳಿತಾಗ ‘ತೆರೆದಿರುವ’ ಎಂದರೆ ಎಷ್ಟು ಅಂತರ, ಬಾಗಿಲಿನ ಸೆನ್ಸರ್ ಕೆಟ್ಟಿದ್ದರೆ ಏನೆಂದು ತಿಳಿಯಬೇಕು ಎಂಬ ಪ್ರಶ್ನೆಗಳು ಏಳುತ್ತವೆ, ಅಂದರೆ ಅಗತ್ಯದಲ್ಲಿರುವ ದೋಷ ಕೋಡ್ ಹುಟ್ಟುವ ಮೊದಲೇ ಹೊರಬೀಳುತ್ತದೆ. ಇದಕ್ಕೆ ತೆರುವ ಬೆಲೆ ನಿಧಾನ: ನಡುವೆ ಒಂದು ಅಗತ್ಯ ಬದಲಾದರೆ ಎರಡೂ ಬದಿಯ ದಾಖಲೆಗಳನ್ನು ತಿದ್ದಬೇಕು.

ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಬ್ಯಾರಿ ಬೋಮ್ 1988ರಲ್ಲಿ ವಿವರಿಸಿದ ಸುರುಳಿ ಮಾದರಿಯದ್ದು ಬೇರೆ ದಾರಿ. ಪ್ರತಿ ಸುತ್ತಿನ ಆರಂಭದಲ್ಲೂ ಅತಿ ದೊಡ್ಡ ಅಪಾಯ ಯಾವುದೆಂದು ಗುರುತಿಸಿ, ಅದನ್ನು ಬಗೆಹರಿಸುವಷ್ಟೇ ಕೆಲಸವನ್ನು ಮೊದಲು ಮಾಡಬೇಕು. ಹಿಂದೆ ಯಾರೂ ಕಟ್ಟಿರದ, ದೊಡ್ಡ ಗಾತ್ರದ ಯೋಜನೆಗೆ ಇದು ಹೊಂದುತ್ತದೆ. ಆದರೆ ಅಪಾಯವನ್ನು ಗುರುತಿಸಬಲ್ಲ ಅನುಭವಿಗಳು ಬೇಕು. ಜೊತೆಗೆ ಎಷ್ಟು ಸುತ್ತು ಬೇಕೆಂದು ಮೊದಲೇ ಹೇಳಲಾಗದ್ದರಿಂದ ನಿಗದಿತ ಮೊತ್ತದ ಗುತ್ತಿಗೆಯೊಳಗೆ ಇದನ್ನು ಕೂರಿಸುವುದು ಸುಲಭವಲ್ಲ.

ಅಗತ್ಯಗಳು ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕಾಗದದ ಕಡತಗಳನ್ನು ಕಂಪ್ಯೂಟರಿಗೆ ತರಲು ಹೋದ ಕಥೆಯಷ್ಟು ವಿವರವಾಗಿ ದಾಖಲಾದ ಉದಾಹರಣೆಗಳು ಕಡಿಮೆ. 2001ರಲ್ಲಿ ಶುರುವಾದ ‘ವರ್ಚುವಲ್ ಕೇಸ್ ಫೈಲ್’ ಯೋಜನೆಗೆ 800ಕ್ಕೂ ಹೆಚ್ಚು ಪುಟಗಳ ಅಗತ್ಯಪತ್ರ ಸಿದ್ಧವಾಯಿತು. ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿ ಹೊಸದನ್ನು ಒಂದೇ ಏಟಿಗೆ ಚಾಲೂ ಮಾಡುವುದು ಯೋಜನೆ. ಅಷ್ಟರಲ್ಲಿ ಸೆಪ್ಟೆಂಬರ್ 11ರ ದಾಳಿಯ ನಂತರ ಸಂಸ್ಥೆಯ ಕೆಲಸದ ರೀತಿಯೇ ಬದಲಾಗಿತ್ತು, ಬದಲಾವಣೆಯ ಕೋರಿಕೆಗಳು ಬರುತ್ತಲೇ ಇದ್ದವು. 2003ರ ಕೊನೆಯಲ್ಲಿ ಕೈಗೆ ಬಂದ ಸಾಫ್ಟ್‌ವೇರನ್ನು ಸಂಸ್ಥೆ ಒಪ್ಪಲಿಲ್ಲ. 2005ರಲ್ಲಿ ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ ಅದನ್ನು ಕೈಬಿಡಲಾಯಿತು.

2006ರಲ್ಲಿ ‘ಸೆಂಟಿನೆಲ್’ ಹೆಸರಿನಲ್ಲಿ ಎರಡನೆಯ ಪ್ರಯತ್ನ ಆರಂಭವಾಯಿತು. ಈ ಬಾರಿ ಕೆಲಸವನ್ನು ನಾಲ್ಕು ಹಂತಗಳಾಗಿ ಒಡೆದಿದ್ದರು, ಅಂದರೆ ಹೆಸರಿಗೆ ಇದು ಹಂತಹಂತವಾಗಿ ಬೆಳೆಸುವ ಇನ್‌ಕ್ರಿಮೆಂಟಲ್ ಮಾದರಿ. ಆದರೆ ಒಂದೊಂದು ಹಂತವೂ ಒಂದೊಂದು ದೊಡ್ಡ ಜಲಪಾತವೇ ಆಗಿತ್ತು. 2009ರ ಡಿಸೆಂಬರ್‌ಗೆ ಮುಗಿಯಬೇಕಿದ್ದದ್ದು 2010ರಲ್ಲೂ ಅರ್ಧದಲ್ಲೇ ಇತ್ತು, 45.1 ಕೋಟಿ ಡಾಲರ್ ಬಜೆಟ್‌ನಲ್ಲಿ ಆಗಲೇ ಸುಮಾರು 40.5 ಕೋಟಿ ಮುಗಿದಿತ್ತು. ಆ ವರ್ಷ ಸಂಸ್ಥೆ ಗುತ್ತಿಗೆದಾರರ ಪಾತ್ರವನ್ನು ಮೊಟಕುಗೊಳಿಸಿ ಅಭಿವೃದ್ಧಿಯನ್ನು ತಾನೇ ವಹಿಸಿಕೊಂಡಿತು. 2001ರ ಅಜೈಲ್ ಪ್ರಣಾಳಿಕೆಯ ನಂತರ ಹೆಚ್ಚು ಬಳಕೆಗೆ ಬಂದ ವಿಧಾನದಂತೆ, ಉಳಿದ ಕೆಲಸವನ್ನು ಬಳಕೆದಾರರ ಮಾತಿನ ಸಣ್ಣ ತುಣುಕುಗಳಾಗಿ ಬರೆದುಕೊಂಡು, ಸ್ಪ್ರಿಂಟ್ ಎಂಬ ಎರಡೆರಡು ವಾರಗಳ ಅವಧಿಗಳಲ್ಲಿ ಕಟ್ಟಿ ತೋರಿಸುವ ಪದ್ಧತಿಗೆ ಬಂದರು. ಏಜೆಂಟರಿಗೆ ಬೇಡವಾದದ್ದು ವರ್ಷಗಳ ಬದಲು ಎರಡು ವಾರಗಳಲ್ಲಿ ಗೊತ್ತಾಗತೊಡಗಿತು.

ಅಜೈಲ್ ಗೆದ್ದಿತೆಂದು ಇಲ್ಲಿಗೇ ಕಥೆ ನಿಲ್ಲಿಸುವವರು ಬಹಳ. ನನಗೆ ಅದರ ಮುಂದಿನ ಭಾಗವೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಎರಡು ವಾರಗಳ ಪ್ರಾತ್ಯಕ್ಷಿಕೆಯಲ್ಲಿ ಒಂದು ಫಾರಂ ಸರಿಯಾಗಿ ತುಂಬುತ್ತದೆಯೇ, ಸಹಿ ಬೀಳುತ್ತದೆಯೇ ಎಂಬುದು ಕಾಣುತ್ತದೆ. ಬಹಳ ಜನ ಒಟ್ಟಿಗೆ ಒಳಬಂದರೆ ಏನಾಗುತ್ತದೆ ಎಂಬುದು ಕಾಣುವುದಿಲ್ಲ. ಅದನ್ನು ಬೇರೆಯಾಗಿಯೇ, ಯೋಜನೆಯ ಆರಂಭದಲ್ಲೇ ಅಳೆಯಬೇಕು, ಅದಕ್ಕೆ ಸುರುಳಿ ಮಾದರಿಯ ಅಪಾಯದ ಪಟ್ಟಿಯನ್ನು ಎರವಲು ತಂದರೂ ತಪ್ಪಿಲ್ಲ. 2011ರ ಅಕ್ಟೋಬರ್‌ನಲ್ಲಿ ನಿಜವಾದ ಬಳಕೆದಾರರನ್ನು ಕೂರಿಸಿ ಸೆಂಟಿನೆಲ್‌ನ ದೊಡ್ಡ ಪರೀಕ್ಷೆ ನಡೆಸಿದಾಗ ವ್ಯವಸ್ಥೆ ಎರಡು ಬಾರಿ ಸ್ಥಗಿತಗೊಂಡಿತು. ಹಳೆಯ ಯಂತ್ರಾಂಶಕ್ಕೆ ಆ ಹೊರೆ ತಡೆಯಲಾಗಿರಲಿಲ್ಲ. ರಾಯ್ಸ್ 1970ರಲ್ಲಿ ಹೆಸರಿಸಿದ್ದೂ ಇದೇ ಜಾತಿಯ ದೋಷವನ್ನು. ಹೊಸ ಯಂತ್ರಗಳನ್ನು ತರಿಸಿ ಕೂರಿಸುವಷ್ಟರಲ್ಲಿ ತಿಂಗಳುಗಳು ಕಳೆದವು, ಸೆಂಟಿನೆಲ್ ಎಲ್ಲರ ಬಳಕೆಗೆ ಬಂದದ್ದು 2012ರ ಜುಲೈನಲ್ಲಿ.